ಗೋಕರ್ಣ, ಮುರುಡೇಶ್ವರ, ಮಲ್ಪೆ ಪ್ರವಾಸ: ಬಟ್ಟೆ, ಚಪ್ಪಲಿ, ಚೀಲ ಯಾವುದು ಒಯ್ಯುವುದು?

ತಿಪಟೂರು ಸೊಸೆ
ಎಲ್ಲರಿಗೂ ನಮಸ್ಕಾರ. ಡಿಸೆಂಬರ್ ಕೊನೆಯ ರಜೆಯಲ್ಲಿ ಗೋಕರ್ಣಕ್ಕೆ ಹೋಗಿ, ಮುರುಡೇಶ್ವರ ನೋಡಿಕೊಂಡು ಮಲ್ಪೆ, ಉಡುಪಿ ಮೂಲಕ ವಾಪಸಾಗುವ ಯೋಚನೆ. ನಾನು, ಯಜಮಾನರು, ಇಬ್ಬರು ಮಕ್ಕಳು ಮತ್ತು ಅತ್ತೆ. ಅತ್ತೆಗೆ ಸಕ್ಕರೆ ಕಾಯಿಲೆ ಇದೆ. ಮನೆಯಲ್ಲಿ ಎಲ್ಲರಿಗೂ ಜೀನ್ಸ್, ಟೀ ಶರ್ಟ್ ಇವೆ. ಅತ್ತೆಯವರು ಚರ್ಮದ ಚಪ್ಪಲಿ ಬಿಟ್ಟು ಬೇರೆ ಹಾಕುವುದಿಲ್ಲ. ಚೀಲ ಎಂದರೆ ಮಗನ ಹಳೆಯ ಶಾಲಾ ಬ್ಯಾಗು ಮತ್ತು ಒಂದು ರೆಕ್ಸಿನ್ ಬ್ಯಾಗು. ಹೋದ ಸಲ ಪಕ್ಕದ ಮನೆಯವರು ಹೋಗಿ ಬಂದಾಗ ಬ್ಯಾಗಿನ ಜಿಪ್ ಕಲ್ಲಿನಂತೆ ಹಿಡಿದುಕೊಂಡು, ಕೊನೆಗೆ ಕತ್ತರಿಸಿ ಬಟ್ಟೆ ತೆಗೆದರಂತೆ. ಹೊಸದೇನಾದರೂ ಕೊಳ್ಳಬೇಕೇ, ಇರುವುದರಲ್ಲೇ ಆಗುತ್ತದೆಯೇ?

ಶಿರಾ ಗೇಟ್ ಸೀನಣ್ಣ
ಜೀನ್ಸ್ ಮನೆಯಲ್ಲೇ ಬಿಡಿ ತಂಗಿ. ಪಾಲಿಯೆಸ್ಟರ್ ಆಟದ ಪ್ಯಾಂಟು, ಆಟದ ಟೀ ಶರ್ಟು ತೆಗೆದುಕೊಳ್ಳಿ, ಕೊಡವಿದರೆ ಒಣಗುತ್ತವೆ. ಹತ್ತಿ ಬಟ್ಟೆಯನ್ನು ಮುಟ್ಟಲೇಬೇಡಿ. ಜಿಪ್‌ಗೆ ಹೊರಡುವ ಮೊದಲು ಚೆನ್ನಾಗಿ ಕೊಬ್ಬರಿ ಎಣ್ಣೆ ಸವರಿ, ಏನೂ ಆಗುವುದಿಲ್ಲ. ತಿಪಟೂರಿನವರಿಗೆ ಕೊಬ್ಬರಿ ಎಣ್ಣೆಯ ವಿಷಯ ನಾನು ಹೇಳಬೇಕೇ!

ಗುಬ್ಬಿ ಟೈಲರಮ್ಮ
ಸೀನಣ್ಣ, ಎಣ್ಣೆಯ ಮಾತು ಬೇಡ. ನಾನು ಹೊಲಿಗೆಯ ಜೊತೆಗೆ ಬ್ಯಾಗ್ ರಿಪೇರಿಯನ್ನೂ ಮಾಡುತ್ತೇನೆ. ತವರು ಕುಮಟಾ, ಹಾಗಾಗಿ ಎರಡೂ ಕಡೆಯ ಗಾಳಿ ಗೊತ್ತು. ಎಣ್ಣೆ ಸವರಿದ ಜಿಪ್ ಸಮುದ್ರ ತೀರಕ್ಕೆ ಹೋದರೆ ಹಾರಿ ಬಂದ ಮರಳೆಲ್ಲ ಅದಕ್ಕೇ ಅಂಟುತ್ತದೆ. ಆ ಮರಳು ರನ್ನರ್ ಒಳಗೆ ಸೇರಿಕೊಂಡು ಹಲ್ಲುಗಳನ್ನು ಅರೆಯುತ್ತದೆ. ಜನವರಿಯಲ್ಲಿ ನನ್ನ ಅಂಗಡಿಗೆ ಬರುವ ಬ್ಯಾಗುಗಳಲ್ಲಿ ಇಂಥವು ಇದ್ದೇ ಇರುತ್ತವೆ. ಒಣಗಿದ ಜಿಪ್ ಮೇಲೆ ಮೇಣದ ಬತ್ತಿಯನ್ನು ಒಂದೆರಡು ಸಲ ಉಜ್ಜಿದರೆ ಸಾಕು. ಮೇಣ ಗಟ್ಟಿಯಾಗಿರುವುದರಿಂದ ಮರಳು ಅಷ್ಟಾಗಿ ಹಿಡಿಯುವುದಿಲ್ಲ.

ತಿಪಟೂರಿನವರೇ, ಒಂದು ವಿಷಯ ಮನಸ್ಸಿನಲ್ಲಿಟ್ಟುಕೊಂಡರೆ ಉಳಿದದ್ದೆಲ್ಲ ತಾನೇ ಗೊತ್ತಾಗುತ್ತದೆ. ನಮ್ಮ ಕಡೆ ಬಟ್ಟೆ ಒದ್ದೆಯಾದರೆ ಬಿಸಿಲಿಗೆ ಹಾಕುತ್ತೇವೆ, ಮಧ್ಯಾಹ್ನಕ್ಕೆ ಗರಿಗರಿ. ಅಲ್ಲಿ ಸಮುದ್ರದ ನೀರಿನಲ್ಲಿ ನೆಂದ ಬಟ್ಟೆಯನ್ನು ಹಾಗೇ ಬಿಸಿಲಿಗೆ ಹಾಕಿದರೆ ಮಧ್ಯಾಹ್ನ ಒಣಗಿದಂತೆ ಕಾಣುತ್ತದೆ, ರಾತ್ರಿ ಮುಟ್ಟಿ ನೋಡಿದರೆ ಮತ್ತೆ ತಣ್ಣಗೆ, ಜಿಗುಟು. ನೀರು ಹೋದರೂ ಉಪ್ಪು ಹೋಗಿರುವುದಿಲ್ಲ, ಅದು ರಾತ್ರಿಯ ಗಾಳಿಯಿಂದ ತೇವ ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಉಪ್ಪಿನ ಜಾಡಿ ನೀರಾಡುವುದಿಲ್ಲವೇ, ಅದೇ. ಆದ್ದರಿಂದ ಮೊದಲು ಸಿಹಿನೀರು, ಆಮೇಲೆ ಬಿಸಿಲು. ಬಟ್ಟೆಗಷ್ಟೇ ಅಲ್ಲ, ಚಪ್ಪಲಿಗೂ ಚೀಲಕ್ಕೂ ಇದೇ ನಿಯಮ.

ಪಾವಗಡ ಬಿಸಿಲು
ಇಷ್ಟೆಲ್ಲ ಯಾಕೆ? ನೀರಿಗೆ ಇಳಿಯದೆ ದಡದಲ್ಲಿ ಕೂತು ಬಂದರೆ ಉಪ್ಪು ಎಲ್ಲಿಂದ ಬರುತ್ತದೆ? ನಾನು ಯಾವಾಗಲೂ ಚರ್ಮದ ಚಪ್ಪಲಿ, ಹತ್ತಿ ಪಂಚೆಯಲ್ಲೇ ಹೋಗಿ ಬರುತ್ತೇನೆ. ಏನೂ ಆಗಿಲ್ಲ.

ಗುಬ್ಬಿ ಟೈಲರಮ್ಮ
ನೀವು ಕನ್ನಡಕ ಹಾಕುತ್ತೀರಾ ಅಣ್ಣ? ಹಾಕುವುದಾದರೆ ಸಂಜೆ ಅಲೆಗಳ ಎದುರು ಒಂದು ಗಂಟೆ ಕೂತು, ಆಮೇಲೆ ಗಾಜನ್ನು ಒಣ ಬಟ್ಟೆಯಿಂದ ಒರೆಸಿ. ಶುಭ್ರವಾಗುವ ಬದಲು ಮಂಜು ಬಳಿದಂತಾಗುತ್ತದೆ. ಅಲೆ ಒಡೆದಾಗ ಹಾರುವ ಸಣ್ಣ ಹನಿಗಳು ಗಾಳಿಯಲ್ಲೇ ಬರುತ್ತವೆ. ಗಾಜಿನ ಮೇಲೆ ಕೂತದ್ದು ಅಂಗಿಯ ಮೇಲೂ ಬ್ಯಾಗಿನ ಜಿಪ್ ಮೇಲೂ ಕೂತಿರುತ್ತದೆ. ನೀರಿಗೆ ಇಳಿದಷ್ಟು ಅಲ್ಲ, ಅದು ನಿಜ. ನಿಮ್ಮ ಪಂಚೆಗೆ ಏನೂ ಆಗದಿರುವುದು ತೆಳು ಹತ್ತಿಯ ಪುಣ್ಯ. ರಾತ್ರಿ ಹಿಂಡಿ ಹರವಿದರೆ ಅದು ಎಲ್ಲಿ ಬೇಕಾದರೂ ಒಣಗುತ್ತದೆ.

ಹಾಗಾಗಿ ಸೀನಣ್ಣ ಹೇಳಿದಂತೆ ಹತ್ತಿಯನ್ನು ಪೂರ್ತಿ ಬಿಡಬೇಕಾಗಿಲ್ಲ. ಎಳೆ ಹತ್ತಿಯದೋ ಪಾಲಿಯೆಸ್ಟರಿನದೋ ಎನ್ನುವುದಕ್ಕಿಂತ ಬಟ್ಟೆ ದಪ್ಪವೋ ತೆಳುವೋ ಎನ್ನುವುದು ಮುಖ್ಯ. ಜೀನ್ಸ್ ಕೂಡ ಹತ್ತಿಯೇ, ಆದರೆ ಸೊಂಟಪಟ್ಟಿ, ಜೇಬು, ಮಡಚಿ ಹೊಲಿದ ಅಂಚುಗಳಲ್ಲಿ ಅದು ನಾಲ್ಕೈದು ಪದರ ಇರುತ್ತದೆ. ಮೇಲೆ ಒಣಗಿದರೂ ಜೇಬಿನ ಮೂಲೆ ಮರುದಿನವೂ ಒದ್ದೆ. ಪಾಲಿಯೆಸ್ಟರ್ ಬೇಗ ಒಣಗುತ್ತದೆ ನಿಜ, ಆದರೆ ಆ ಸೆಕೆಯಲ್ಲಿ ಬೆವರಿನ ವಾಸನೆ ಹಿಡಿದರೆ ಒಂದು ಸಲ ಒಗೆದರೂ ಬಿಡುವುದಿಲ್ಲ. ನೀರಿಗೆ ಇಳಿಯಲು ಪಾಲಿಯೆಸ್ಟರ್, ಊರು ಸುತ್ತಲು ತೆಳು ಹತ್ತಿ ಎನ್ನುವುದು ನನ್ನ ಲೆಕ್ಕ.

ಗೌರಿಬಿದನೂರು ರಾಯರು
ಒಳ್ಳೆಯ ಚರ್ಚೆ. ನನ್ನ ಮಗನಿಗೆ ಕಾರವಾರಕ್ಕೆ ವರ್ಗವಾಗಿದೆ. ಬೀರುವಿನಲ್ಲಿಟ್ಟ ಕೋಟಿನ ಮೇಲೆ, ಬೆಲ್ಟಿನ ಮೇಲೆ ಬಿಳಿ ಬೂಷ್ಟು ಬರುತ್ತದಂತೆ. ನುಸಿ ಗುಳಿಗೆ ಹಾಕಿದರೂ ನಿಲ್ಲುತ್ತಿಲ್ಲ. ಬೀರು ಬದಲಿಸಬೇಕೇ?

ಗುಬ್ಬಿ ಟೈಲರಮ್ಮ
ರಾಯರೇ, ಇವರು ಕೇಳಿದ್ದು ಐದು ದಿನದ ಪ್ರವಾಸದ ವಿಷಯ. ಆದರೂ ಹೇಳಿಬಿಡುತ್ತೇನೆ: ನುಸಿ ಗುಳಿಗೆ ಹುಳಕ್ಕೆ, ಬೂಷ್ಟಿಗೆ ಅಲ್ಲ. ಬೀರುವನ್ನು ಗೋಡೆಯಿಂದ ಒಂದು ಗೇಣು ಮುಂದಕ್ಕೆ ತಂದು, ಬಿಸಿಲಿರುವ ಮಧ್ಯಾಹ್ನ ಬಾಗಿಲು ತೆರೆದಿಡಲು ಹೇಳಿ. ಚರ್ಮದ ಬೆಲ್ಟನ್ನು ಒಳಗಿಡದೆ ಹೊರಗೆ ಮೊಳೆಗೆ ನೇತುಹಾಕಲಿ.

ಚಿಂತಾಮಣಿ ಮೇಷ್ಟ್ರು
ನಿವೃತ್ತ ರಸಾಯನಶಾಸ್ತ್ರದ ಮೇಷ್ಟ್ರು ನಾನು, ಸುಮ್ಮನಿರಲು ಆಗುತ್ತಿಲ್ಲ. ಟೈಲರಮ್ಮನವರು ಹೇಳಿದ್ದು ಸರಿ, ಲೆಕ್ಕ ಹಾಕಿದರೆ ಇನ್ನೂ ಸ್ಪಷ್ಟವಾಗುತ್ತದೆ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಚೆನ್ನಾಗಿ ಹಿಂಡಿದ ಮೇಲೂ ಒಂದು ಜೀನ್ಸ್ ಪ್ಯಾಂಟಿನಲ್ಲಿ 700 ಮಿಲಿಲೀಟರ್ ನೀರು ಉಳಿಯಿತು ಎಂದುಕೊಳ್ಳಿ. ಹಾಗೇ ಒಣಗಿಸಿದರೆ ಸುಮಾರು 25 ಗ್ರಾಂ ಉಪ್ಪು ಪ್ಯಾಂಟಿನಲ್ಲೇ ಉಳಿಯುತ್ತದೆ, ಅಂದರೆ ನಾಲ್ಕೈದು ಚಹಾ ಚಮಚ.

ಈಗ ಅದನ್ನು ಹತ್ತು ಲೀಟರ್ ಸಿಹಿನೀರಿನ ಬಕೆಟ್ಟಿನಲ್ಲಿ ಅದ್ದಿ, ಕಲಕಿ, ಅಷ್ಟೇ ಹಿಂಡಿದರೆ ಒಂದೂವರೆ ಗ್ರಾಂ ಆಸುಪಾಸು ಉಳಿಯುತ್ತದೆ. ಆ ನೀರು ಚೆಲ್ಲಿ ಇನ್ನೊಂದು ಹತ್ತು ಲೀಟರಿನಲ್ಲಿ ಅದ್ದಿದರೆ ಒಂದು ಗ್ರಾಮಿನ ಹತ್ತನೆಯ ಒಂದು ಭಾಗ. ಅದೇ ಇಪ್ಪತ್ತು ಲೀಟರನ್ನು ಒಂದೇ ಸಲ ಬಳಸಿದ್ದರೆ ಮುಕ್ಕಾಲು ಗ್ರಾಮಿಗಿಂತ ಹೆಚ್ಚೇ ಉಳಿಯುತ್ತಿತ್ತು. ಆದ್ದರಿಂದ ಲಾಡ್ಜಿನಲ್ಲಿ ನೀರು ಕಡಿಮೆ ಇದ್ದರೆ ತುಂಬಿದ ಒಂದು ಬಕೆಟ್ಟಿಗಿಂತ ಎರಡು ಅರ್ಧ ಬಕೆಟ್ಟು ಮೇಲು. ನಡುವೆ ಹಿಂಡುವುದನ್ನು ಬಿಡಬಾರದು.

ಶುದ್ಧ ಅಡುಗೆ ಉಪ್ಪು ಗಾಳಿಯ ಆರ್ದ್ರತೆ ಶೇಕಡಾ 75 ದಾಟಿದ ಮೇಲೆ ನೀರಾಗುತ್ತದೆ. ಸಮುದ್ರದ ಉಪ್ಪಿನಲ್ಲಿ ಮೆಗ್ನೀಸಿಯಂ ಲವಣಗಳೂ ಇರುವುದರಿಂದ ಅದಕ್ಕಿಂತ ಒಣ ಗಾಳಿಯಲ್ಲೂ ಜಿಗುಟಾಗುತ್ತದೆ. ಕರಾವಳಿಯಲ್ಲಿ ರಾತ್ರಿ, ಬೆಳಗಿನ ಜಾವ ಈ ಮಟ್ಟ ದಾಟುವುದು ಸಾಮಾನ್ಯ. ನಮ್ಮ ಚಿಂತಾಮಣಿಯ ಬೇಸಿಗೆಯ ಮಧ್ಯಾಹ್ನಕ್ಕೆ ಅದರ ಹತ್ತಿರವೂ ಬರುವುದಿಲ್ಲ. ಅದಕ್ಕೇ ನಮಗೆ ಈ ಕಷ್ಟದ ಅಂದಾಜು ಇರುವುದಿಲ್ಲ.

ತಿಪಟೂರು ಸೊಸೆ
ಮೇಷ್ಟ್ರೇ, ಉಪ್ಪು ಪೂರ್ತಿ ಹೋಯಿತೋ ಇಲ್ಲವೋ ಎಂದು ಹೇಗೆ ತಿಳಿಯುವುದು?

ಚಿಂತಾಮಣಿ ಮೇಷ್ಟ್ರು
ಕೊನೆಗೆ ಹಿಂಡಿದ ನೀರಿನ ಒಂದು ಹನಿಯನ್ನು ನಾಲಿಗೆಗೆ ತಗುಲಿಸಿ ನೋಡಿ, ಸಾಕು. ನನ್ನ ಹಳೆಯ ವಿದ್ಯಾರ್ಥಿಗಳು ಈ ಮಾತು ಓದಬಾರದು. ಪ್ರಯೋಗಾಲಯದಲ್ಲಿ ಏನನ್ನೂ ಬಾಯಿಗೆ ಹಾಕಿಕೊಳ್ಳಬೇಡಿ ಎಂದು ಗದರಿದವನು ನಾನು.

ಗುಬ್ಬಿ ಟೈಲರಮ್ಮ
ಅದಕ್ಕೂ ಮೊದಲು ಲಾಡ್ಜಿನ ನಲ್ಲಿಯ ನೀರಿನ ರುಚಿ ನೋಡಿ. ದಡಕ್ಕೆ ತೀರಾ ಹತ್ತಿರದ ಕೆಲವು ಬಾವಿಗಳಲ್ಲಿ ಬೇಸಿಗೆ ಬರುತ್ತಿದ್ದಂತೆ ನೀರೇ ಸವಳಾಗುತ್ತದೆ. ಡಿಸೆಂಬರಿನಲ್ಲಿ ಸಾಮಾನ್ಯವಾಗಿ ತೊಂದರೆ ಇಲ್ಲ, ಏಪ್ರಿಲ್, ಮೇ ತಿಂಗಳಲ್ಲಿ ಹೋಗುವವರು ನೋಡಲೇಬೇಕು. ನಲ್ಲಿ ನೀರೇ ಉಪ್ಪಾಗಿದ್ದರೆ ಬಟ್ಟೆ ಹೇಗೋ ಆಗಲಿ, ಜಿಪ್ ಮತ್ತು ಚಪ್ಪಲಿಯ ಬಕಲ್ ಮೇಲೆ ಕೊನೆಗೆ ಒಂದು ಲೋಟ ಕುಡಿಯುವ ನೀರು ಸುರಿಯಿರಿ.

ಹೆಂಗಸರಿಗೆ ಇನ್ನೊಂದು ಮಾತು. ರವಿಕೆಯ ಹುಕ್ಕು ಕಬ್ಬಿಣದ ತಂತಿಗೆ ಬಿಳಿ ಲೇಪ ಹಾಕಿದ್ದು. ಉಪ್ಪಿನ ತೇವದಲ್ಲಿ ಲೇಪ ಬಿರಿದರೆ ಒಂದೇ ರಾತ್ರಿಯಲ್ಲಿ ತುಕ್ಕಿನ ಕಲೆ ಬೀಳಬಹುದು, ಸೆರಗಿನ ಸೇಫ್ಟಿ ಪಿನ್ನಿನದೂ ಇದೇ ಕಥೆ. ಬಿಳಿ ಹತ್ತಿ ಬಟ್ಟೆಯಾದರೆ ಕಲೆಯ ಮೇಲೆ ನಿಂಬೆರಸ, ಉಪ್ಪು ಹಾಕಿ ಬಿಸಿಲಿಗಿಟ್ಟರೆ ಹೋಗುತ್ತದೆ. ಬಣ್ಣದ ಬಟ್ಟೆಗೆ ಹಾಗೆ ಮಾಡಿದರೆ ಕಲೆಯ ಜೊತೆ ಬಣ್ಣವೂ ಹೋಗುತ್ತದೆ. ರೇಷ್ಮೆ ಸೀರೆ ಒಯ್ಯುವುದಾದರೆ ಉಡುಪಿಯ ದೇವಸ್ಥಾನಕ್ಕೆ ಮಾತ್ರ ಉಡಿ, ಅದೇ ಸೀರೆಯಲ್ಲಿ ಮಲ್ಪೆಯ ಗಾಳಿಗೆ ನಿಲ್ಲಬೇಡಿ. ಬೆಳ್ಳಿ ಜರಿ ಕಪ್ಪಾಗುವುದಕ್ಕೆ ಆ ಗಾಳಿ ನೆರವಾಗುತ್ತದೆ.

ಕೋಲಾರ ಮಂಡಿ
ನಾನು ತರಕಾರಿ ವ್ಯಾಪಾರದವನು, ನಮ್ಮ ಬುದ್ಧಿ ಚೀಲದ ಕಡೆಗೇ ಹೋಗುತ್ತದೆ. ಈರುಳ್ಳಿ ಬರುವ ಬಲೆಯ ಚೀಲ ಎರಡು ತೆಗೆದುಕೊಂಡು ಹೋಗಿ. ಒದ್ದೆ ಚಪ್ಪಲಿ, ಮಕ್ಕಳ ಚಡ್ಡಿ, ಟವೆಲ್ ಎಲ್ಲ ಅದಕ್ಕೆ ತುಂಬಿ ಎತ್ತಿ ಕುಲುಕಿದರೆ ಒಣ ಮರಳು ತಾನೇ ಉದುರುತ್ತದೆ. ಬಕೆಟ್ಟಿಗೆ ಚೀಲದ ಸಮೇತ ಅದ್ದಬಹುದು, ಕಿಟಕಿಗೆ ಚೀಲದ ಸಮೇತ ನೇತುಹಾಕಬಹುದು. ನಾನು ಹಾಗೇ ಮಾಡುವುದು. ಹೆಂಡತಿ ಮಾತ್ರ ಲಾಡ್ಜಿನ ಜನ ಏನೆಂದುಕೊಳ್ಳುತ್ತಾರೆ ಎಂದು ಗೊಣಗುತ್ತಾಳೆ.

ಗುಬ್ಬಿ ಟೈಲರಮ್ಮ
ಗೊಣಗಲಿ ಬಿಡಿ, ಇದು ನಾನು ಮಾರುವ ಬ್ಯಾಗುಗಳಿಗಿಂತ ಒಳ್ಳೆಯದು. ಒದ್ದೆ ಬಟ್ಟೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಗಂಟು ಕಟ್ಟಿ ಕಾರಿನ ಡಿಕ್ಕಿಯಲ್ಲಿ ಇಡುವವರೇ ಹೆಚ್ಚು. ಆ ಸೆಕೆಗೆ ಮರುದಿನವೇ ಮುಗ್ಗಲು ವಾಸನೆ, ಇನ್ನೂ ಬಿಟ್ಟರೆ ಹತ್ತಿಯ ಮೇಲೆ ಕಪ್ಪು ಚುಕ್ಕೆ. ವಾಸನೆ ಒಗೆದರೆ ಹೋಗುತ್ತದೆ, ಚುಕ್ಕೆ ಹೋಗುವುದು ಕಷ್ಟ. ಪ್ಲಾಸ್ಟಿಕ್ ಕವರನ್ನು ಒಣ ಬಟ್ಟೆಗೆ ಬಳಸಿ, ಒದ್ದೆ ಬಟ್ಟೆಗೆ ಬಲೆ.

ನಿಮ್ಮ ಎರಡು ಬ್ಯಾಗುಗಳ ಪೈಕಿ ಶಾಲಾ ಬ್ಯಾಗೇ ಒಯ್ಯಿರಿ. ಅದರ ಜಿಪ್ಪಿನ ಹಲ್ಲು ನೈಲಾನ್ ಸುರುಳಿಯದಾಗಿರುತ್ತದೆ, ಅದಕ್ಕೆ ಉಪ್ಪಿನ ಭಯವಿಲ್ಲ. ತೊಂದರೆ ಬರುವುದು ಲೋಹದ ರನ್ನರಿಗೆ. ದಿನವೂ ಸಂಜೆ ಒದ್ದೆ ಬಟ್ಟೆಯಿಂದ ಜಿಪ್ ಉದ್ದಕ್ಕೂ ಒಂದು ಸಲ ಒರೆಸಿದರೆ ಮುಗಿಯಿತು. ಬ್ಯಾಗನ್ನು ಮರಳಿನ ಮೇಲೆ ಮಲಗಿಸಿ ಜಿಪ್ ಎಳೆಯಬೇಡಿ.

ಪಕ್ಕದ ಮನೆಯವರಂತೆ ಜಿಪ್ ಹಿಡಿದುಕೊಂಡರೆ ಎಳೆದಾಡುವುದೂ ಬೇಡ, ಕತ್ತರಿಸುವುದೂ ಬೇಡ. ಆ ಭಾಗವನ್ನು ಬೆಚ್ಚಗಿನ ಸಿಹಿನೀರಿನಲ್ಲಿ ಅರ್ಧ ಗಂಟೆ ನೆನೆಸಿ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ರನ್ನರಿನ ಎರಡೂ ಬಾಯಿಗಳನ್ನು ಉಜ್ಜಿ. ಆಮೇಲೆ ಮುಚ್ಚುವ ದಿಕ್ಕಿಗೆ ಸ್ವಲ್ಪ, ತೆರೆಯುವ ದಿಕ್ಕಿಗೆ ಸ್ವಲ್ಪ ಅಲ್ಲಾಡಿಸಿ. ಉಪ್ಪಿನ ಹರಳು ಮಾತ್ರ ಇದ್ದರೆ ಕರಗಿ ಓಡುತ್ತದೆ. ಕರಕರ ಶಬ್ದ ಬಂದರೆ ಒಳಗೆ ಇನ್ನೂ ಮರಳಿದೆ, ಮತ್ತೆ ತೊಳೆಯಿರಿ. ರನ್ನರಿನ ಬಣ್ಣ ಎದ್ದು ಬಿಳಿ ಪುಡಿ ಬರುತ್ತಿದ್ದರೆ ಲೋಹವೇ ತಿಂದುಹೋಗಿದೆ. ಆಗ ಜಿಪ್ ಪೂರ್ತಿ ಬದಲಿಸಬೇಕಾಗಿಲ್ಲ, ಟೈಲರ್ ಹತ್ತಿರ ರನ್ನರ್ ಒಂದನ್ನೇ ಬದಲಿಸಿಕೊಳ್ಳಬಹುದು.

ಶಿರಾ ಗೇಟ್ ಸೀನಣ್ಣ
ಎಣ್ಣೆಯ ವಿಷಯ ಒಪ್ಪಿದೆ. ಆದರೆ ನನ್ನ ಬ್ಯಾಗಿನ ಮೇಲೆ ಬಂದ ಬಿಳಿ ಗೆರೆಗಳನ್ನು ಊರಿಗೆ ಬಂದ ಮೇಲೆ ಎಷ್ಟು ತೊಳೆದರೂ ಹೋಗಲಿಲ್ಲವಲ್ಲ, ಅದಕ್ಕೇನು ಹೇಳುತ್ತೀರಿ?

ಚಿಂತಾಮಣಿ ಮೇಷ್ಟ್ರು
ಅದನ್ನು ಬೋರ್‌ವೆಲ್ ನೀರಿನಲ್ಲಿ ತೊಳೆದಿರಿ ತಾನೇ? ಸಮುದ್ರದ ಉಪ್ಪಾಗಿದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸಿದ ಕೂಡಲೇ ಹೋಗಬೇಕಿತ್ತು. ಹೋಗದಿದ್ದರೆ ಅದು ನಮ್ಮ ಬಯಲುಸೀಮೆಯ ಗಡಸು ನೀರಿನ ಸುಣ್ಣ. ಒಂದು ಕಡೆ ನಿಂಬೆರಸ ಹಚ್ಚಿ ನೋಡಿ, ಕರಗಿದರೆ ಸುಣ್ಣವೇ. ಸಮುದ್ರಕ್ಕೆ ಬೈಯುವ ಮೊದಲು ನಮ್ಮ ಕೊಳವೆ ಬಾವಿಯನ್ನೂ ವಿಚಾರಿಸಬೇಕು.

ಮಧುಗಿರಿ ನರ್ಸ್
ಬಟ್ಟೆಯ ಗಲಾಟೆಯಲ್ಲಿ ಅತ್ತೆಯವರನ್ನು ಎಲ್ಲರೂ ಮರೆತಿರಿ. ಸಕ್ಕರೆ ಕಾಯಿಲೆ ಬಹಳ ವರ್ಷದಿಂದ ಇದ್ದರೆ ಪಾದದಲ್ಲಿ ಸ್ಪರ್ಶ ಕಡಿಮೆಯಾಗಿರಬಹುದು. ಪಟ್ಟಿಯ ಕೆಳಗೆ ಸೇರಿದ ಮರಳು ಉಪ್ಪುಕಾಗದದಂತೆ ಉಜ್ಜಿ ಗಾಯ ಮಾಡಿದರೂ ಅವರಿಗೆ ತಿಳಿಯುವುದಿಲ್ಲ. ಸುಡುವ ಮರಳೂ ಹಾಗೆಯೇ. ಆದ್ದರಿಂದ ಅವರು ದಡದಲ್ಲಿ ಬರಿಗಾಲಿನಲ್ಲಿ ನಡೆಯಬಾರದು, ಬೆರಳು ಸಂದಿಯ ಹವಾಯಿ ಚಪ್ಪಲಿಯೂ ಬೇಡ. ಹಿಮ್ಮಡಿಗೆ ಪಟ್ಟಿ ಇರುವ, ಒಳಗೆ ನುಣುಪಾದ ಸ್ಯಾಂಡಲ್ ಕೊಡಿಸಿ. ಪಟ್ಟಿಯ ಒಳಗೆ ಬಟ್ಟೆ, ಸ್ಪಂಜು ಇದ್ದರೆ ಮರಳನ್ನು ಅದೇ ಹಿಡಿದಿಟ್ಟುಕೊಳ್ಳುತ್ತದೆ.

ಹೊಸ ಸ್ಯಾಂಡಲನ್ನು ಹೊರಡುವ ಹಿಂದಿನ ದಿನ ತರಬೇಡಿ. ಎರಡು ವಾರ ಮೊದಲೇ ತಂದು ಮನೆಯಲ್ಲಿ ದಿನಕ್ಕೆ ಸ್ವಲ್ಪ ಹೊತ್ತು ಹಾಕಿಸಿ, ಎಲ್ಲಿ ಕೆಂಪಾಗುತ್ತದೆ ಎಂದು ನೋಡಿ. ಅಲ್ಲಿ ಹೋದ ಮೇಲೆ ಪ್ರತಿ ಸಂಜೆ ಪಾದವನ್ನು ಸಿಹಿನೀರಿನಲ್ಲಿ ತೊಳೆದು, ಬೆರಳು ಸಂದಿ ಒರೆಸಿ, ನೀವೇ ಕಣ್ಣಾರೆ ನೋಡಿ. ನೋವಿಲ್ಲ ಎಂದು ಅವರು ಹೇಳಿದರೆ ಗಾಯವಿಲ್ಲ ಎಂದು ಅರ್ಥವಲ್ಲ. ದೇವಸ್ಥಾನದಲ್ಲಿ ಚಪ್ಪಲಿ ಬಿಡಲೇಬೇಕು, ಹಾಗಾಗಿ ಕಲ್ಲು ಕಾಯುವ ಮೊದಲೇ ಬೆಳಿಗ್ಗೆ ಹೋಗಿ.

ಪಾವಗಡ ಬಿಸಿಲು
ಇದು ಒಳ್ಳೆಯ ಮಾತು. ಆದರೂ ಚರ್ಮದ ಚಪ್ಪಲಿಯನ್ನು ಎಲ್ಲರೂ ಹೀಗೆ ತಳ್ಳಿಹಾಕುವುದು ನನಗೆ ಒಪ್ಪಿಗೆಯಿಲ್ಲ. ನೆಂದರೆ ಒದ್ದೆ ಬಟ್ಟೆಯಿಂದ ಉಪ್ಪು ಒರೆಸಿ, ಹಳೆಯ ಪತ್ರಿಕೆ ತುರುಕಿ ನೆರಳಿನಲ್ಲಿ ಒಣಗಿಸಿದರೆ ವರ್ಷಗಟ್ಟಲೆ ಬರುತ್ತದೆ. ಕೊಬ್ಬರಿ ಎಣ್ಣೆ ಬೇಕಾಗುವುದು ಅಲ್ಲಿ, ಒಣಗಿದ ಚರ್ಮಕ್ಕೆ.

ಕೋಲಾರ ಮಂಡಿ
ನಮ್ಮ ಚಿಕ್ಕಪ್ಪನಿಗೆ ಆದದ್ದು ಕೇಳಿ. ದುಬಾರಿ ಸ್ಯಾಂಡಲ್, ಎಲ್ಲೂ ಹಾಕಿರಲಿಲ್ಲ, ಡಬ್ಬಿಯಲ್ಲೇ ಅಟ್ಟದ ಮೇಲಿತ್ತು. ಮುರುಡೇಶ್ವರದಲ್ಲಿ ಬಸ್ಸಿನಿಂದ ಇಳಿದು ಸ್ವಲ್ಪ ದೂರ ನಡೆದಿದ್ದಾರೆ, ಅಟ್ಟೆ ಒಣ ರೊಟ್ಟಿ ಮುರಿದಂತೆ ಪುಡಿಯಾಗಿ ಉದುರಿತು. ಉಪ್ಪು ನೀರು ಮುಟ್ಟುವ ಮೊದಲೇ! ಅಂಗಡಿಯವನು ಮೋಸ ಮಾಡಿದ ಎಂದು ಇಂದಿಗೂ ಬೈಯುತ್ತಾರೆ.

ಚಿಂತಾಮಣಿ ಮೇಷ್ಟ್ರು
ಮೋಸವಲ್ಲ, ಅದು ಪಾಲಿಯುರಥೇನ್ ಅಟ್ಟೆ. ಹಗುರ, ಮೆತ್ತಗೆ, ಆದರೆ ಗಾಳಿಯ ತೇವ ನಿಧಾನವಾಗಿ ಅದರ ಅಣುಗಳ ಕೊಂಡಿಯನ್ನು ಕತ್ತರಿಸುತ್ತ ಹೋಗುತ್ತದೆ. ಹಾಕದೆ ಇಟ್ಟರೂ ನಾಲ್ಕೈದು ವರ್ಷದಲ್ಲಿ ಕೆಲವು ಹೀಗಾಗುತ್ತವೆ. ಹೊರಡುವ ಮೊದಲು ಹಳೆಯ ಸ್ಯಾಂಡಲಿನ ಅಟ್ಟೆಗೆ ಹೆಬ್ಬೆರಳ ಉಗುರು ಒತ್ತಿ, ಹಾಗೆಯೇ ಬಗ್ಗಿಸಿ ನೋಡಿ. ಉಗುರಿನ ಗುರುತು ಉಳಿದರೆ, ಅಂಟಂಟಾದರೆ ಅಥವಾ ಸಣ್ಣ ಬಿರುಕು ಕಂಡರೆ ಮನೆಯಲ್ಲೇ ಬಿಡಿ. ರೆಕ್ಸಿನ್ ಬ್ಯಾಗಿನ ಮೇಲ್ಪದರ ಸಿಪ್ಪೆ ಏಳುವುದರಲ್ಲೂ ಅನೇಕ ಸಲ ಇದೇ ಕಾರಣ.

ಶಿರಾ ಗೇಟ್ ಸೀನಣ್ಣ
ಹಾಗಾದರೆ ನೂರೈವತ್ತು ರೂಪಾಯಿಯ ಹಗುರ ಫೋಮ್ ಚಪ್ಪಲಿ ಎಲ್ಲಕ್ಕಿಂತ ಒಳ್ಳೆಯದಾಯಿತಲ್ಲ? ನೀರು ಹೀರುವುದಿಲ್ಲ, ತುಕ್ಕಿಲ್ಲ.

ಗುಬ್ಬಿ ಟೈಲರಮ್ಮ
ಸಮತಟ್ಟಾದ ಮರಳಿಗೆ ಒಳ್ಳೆಯದು. ಗೋಕರ್ಣದಲ್ಲಿ ಓಂ ಬೀಚಿನಿಂದ ಹಾಫ್ ಮೂನ್ ಕಡೆಗೆ ಬಂಡೆಗಳ ದಾರಿ ಹಿಡಿದರೆ ಅದರಲ್ಲಿ ಕಾಲು ಜಾರುತ್ತದೆ. ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋದರೆ ದಡದ ತುಂಬ ಒಡೆದ ಚಿಪ್ಪುಗಳು, ಮಕ್ಕಳು ಬರಿಗಾಲಿನಲ್ಲಿ ಓಡಿದರೆ ಅಂಗಾಲು ಕುಯ್ಯುತ್ತದೆ. ದೋಣಿಯಿಂದ ಇಳಿಯುವಾಗ ಕಾಲು ನೆನೆಯಬಹುದು, ಸಡಿಲ ಚಪ್ಪಲಿಯಾದರೆ ಅಲೆ ಎಳೆದುಕೊಂಡು ಹೋಗುತ್ತದೆ. ಮಕ್ಕಳಿಗೂ ಹಿಂದೆ ಪಟ್ಟಿ ಇರುವ, ಅಡಿಯಲ್ಲಿ ಆಳವಾದ ಗೆರೆಗಳಿರುವ ರಬ್ಬರ್ ಸ್ಯಾಂಡಲ್ ಸಾಕು. ಬಕಲ್ ಪ್ಲಾಸ್ಟಿಕ್ಕಿನದಿರಲಿ. ವೆಲ್ಕ್ರೋ ಇದ್ದರೆ ಮರಳು ಕೂತು ಹಿಡಿತ ಬಿಡುತ್ತದೆ, ಒಣಗಿದ ಮೇಲೆ ಹಳೆಯ ಬಾಚಣಿಗೆಯಿಂದ ಬಾಚಿದರೆ ಸರಿಹೋಗುತ್ತದೆ. ಹಸಿರು ಪಾಚಿ ಕಟ್ಟಿದ ಬಂಡೆಯ ಮೇಲೆ ಮಾತ್ರ ಎಂಥ ಅಟ್ಟೆಯೂ ನಿಲ್ಲುವುದಿಲ್ಲ, ಎಷ್ಟು ದುಡ್ಡು ಕೊಟ್ಟರೂ ಅಷ್ಟೇ.

ತಿಪಟೂರು ಸೊಸೆ
ಎಲ್ಲರಿಗೂ ಧನ್ಯವಾದ. ಶಾಲಾ ಬ್ಯಾಗು, ಎರಡು ಈರುಳ್ಳಿ ಚೀಲ, ಒಂದು ಮೇಣದ ಬತ್ತಿ ಎತ್ತಿಟ್ಟೆ. ಜೀನ್ಸ್ ಹೋಗುವ ದಾರಿಗೆ ಒಂದೊಂದು ಮಾತ್ರ. ಅತ್ತೆಗೆ ಈ ಭಾನುವಾರವೇ ಸ್ಯಾಂಡಲ್ ನೋಡಲು ತುಮಕೂರಿಗೆ ಹೋಗುತ್ತೇವೆ. ಚರ್ಮದ್ದನ್ನೂ ದೇವಸ್ಥಾನಕ್ಕೆಂದು ಒಯ್ಯುತ್ತೇನೆ ಎಂದು ಅವರು ಹಟ ಹಿಡಿದಿದ್ದಾರೆ. ಪಾವಗಡದವರ ಮಾತು ಓದಿ ಹೇಳಿದ್ದು ನನ್ನದೇ ತಪ್ಪು! ಯಜಮಾನರು ಗೋಕರ್ಣದಲ್ಲಿ ಪ್ಯಾಂಟಿನಲ್ಲೇ ದರ್ಶನ ಮಾಡಬಹುದೇ ಎಂದು ಕೇಳುತ್ತಿದ್ದಾರೆ.

ಪಾವಗಡ ಬಿಸಿಲು
ಗಂಡಸರು ಅಂಗಿ ತೆಗೆದು ಪಂಚೆಯಲ್ಲಿ ಒಳಗೆ ಹೋಗುವ ಪದ್ಧತಿ. ತೆಳುವಾದ ಹತ್ತಿ ಪಂಚೆ ಎರಡು ಇಟ್ಟುಕೊಳ್ಳಲಿ, ಒಂದು ಒಣಗುವ ಹೊತ್ತಿಗೆ ಇನ್ನೊಂದು. ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸಿ.

ಮಧುಗಿರಿ ನರ್ಸ್
ಚರ್ಮದ ಚಪ್ಪಲಿ ಒಣ ನೆಲಕ್ಕೆ ಮಾತ್ರ. ಒದ್ದೆಯಾದದ್ದನ್ನು ಮತ್ತೆ ಹಾಕಿಸಬೇಡಿ, ಒಣಗಿದ ಮೇಲೆ ಗಡಸಾದ ಅಂಚು ಕಾಲಿಗೆ ಕಚ್ಚುತ್ತದೆ. ಪಾವಗಡದವರಿಗೆ ಕಚ್ಚದಿರಬಹುದು.

ಗೌರಿಬಿದನೂರು ರಾಯರು
ಟೈಲರಮ್ಮ, ಬೀರುವನ್ನು ಮುಂದಕ್ಕೆ ಎಳೆದನಂತೆ. ಹಿಂದಿನ ಗೋಡೆ ಪೂರ್ತಿ ಒದ್ದೆಯಂತೆ. ಈಗ ಮನೆಯ ಮಾಲೀಕರನ್ನು ಕೇಳಬೇಕೇ?